ಮೂರು ಗಂಟೆಯ ಸಭೆ, ಎರಡು ಪುಟದ ಮಿನಿಟ್ಸ್: ಮೊದಲು ವಿಷಯವಾರು ಬಿಡಿಸಿಕೊಳ್ಳುವುದು ಹೇಗೆ

ಬನಶಂಕರಿ ಕಡೆಯ 96 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಮಾಲೀಕರ ಸಂಘದ ಕಾರ್ಯದರ್ಶಿ ಕೆಲಸ ನನ್ನ ಕುತ್ತಿಗೆಗೆ ಬಿದ್ದು ಎರಡು ವರ್ಷ ಆಯಿತು. ಮೊದಲ ವರ್ಷದ ವಾರ್ಷಿಕ ಸಭೆಯ ಮಿನಿಟ್ಸ್ ಬರೆಯುವಾಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಸಾಫ್ಟ್‌ವೇರ್‌ಗೆ ಕೊಟ್ಟು ಅಕ್ಷರಕ್ಕೆ ಇಳಿಸಿಕೊಂಡೆ. ಮೇಲಿನಿಂದ ಕೆಳಗೆ ಓದುತ್ತಾ ಹೋದೆ. ಮುಖ್ಯ ಅನಿಸಿದ್ದನ್ನು ಬರೆದುಕೊಂಡೆ. ಲಿಫ್ಟ್ ಗುತ್ತಿಗೆ ಒಪ್ಪಿಗೆ ಆಯಿತು ಅಂತ ಮಿನಿಟ್ಸ್‌ನಲ್ಲಿ ಬಂತು. ಆದರೆ ಸಭೆ ಮುಗಿಯುವ ಹೊತ್ತಿಗೆ ಅದೇ ಗುತ್ತಿಗೆಯನ್ನು ಮುಂದಕ್ಕೆ ಹಾಕಿದ್ದರು. ಆ ನಾಲ್ಕು ಮಾತು ಬಂದಿದ್ದು ಪಾರ್ಕಿಂಗ್ ಚರ್ಚೆಯ ನಡುವೆ. ಅಷ್ಟೊತ್ತಿಗೆ ನಾನು ಲಿಫ್ಟ್ ವಿಷಯ ಬರೆದು ಮುಗಿಸಿ ಆಗಿತ್ತು. ಮುಂದಿನ ಸಭೆಯಲ್ಲಿ ತಿದ್ದುಪಡಿ, ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ಪಂಚಾಯಿತಿ.

ಈ ವರ್ಷ ಬೇರೆ ದಾರಿ ಹಿಡಿದೆ. ಕುಗ್ಗಿಸಿ ಬರೆಯುವ ಕೆಲಸಕ್ಕೆ ಕೈ ಹಾಕುವ ಮೊದಲು ಇಡೀ ಬರಹವನ್ನು ಅಜೆಂಡಾದ ವಿಷಯಗಳ ಪ್ರಕಾರ ಬಿಡಿಸಿಕೊಂಡೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಅಜೆಂಡಾದ ಮೂರನೇ ವಿಷಯ, ಟ್ಯಾಂಕರ್ ನೀರು.

ಮೊದಲು ಕಾಗದ ಪತ್ರ

ಮೇಜಿನ ಮೇಲೆ ನಾಲ್ಕು ವಸ್ತು ಇರಲಿ. ಸಭೆಯ ನೋಟಿಸ್ ಜೊತೆ ಕಳಿಸಿದ ಅಜೆಂಡಾ, ಹಾಜರಿ ಪುಸ್ತಕ, ಸಭೆಯಲ್ಲಿ ಹಂಚಿದ ಕಾಗದಗಳು, ಕೈ ಎಣಿಸಿದವರು ಬರೆದುಕೊಟ್ಟ ಚೀಟಿ. ರೆಕಾರ್ಡಿಂಗ್‌ನಲ್ಲಿ ಕಿವಿಗೆ ಬಿದ್ದದ್ದು ಮಾತ್ರ ಇರುತ್ತದೆ. ಕೈ ಎತ್ತಿದವರು ಎಷ್ಟು ಜನ, ಖಜಾಂಚಿ "ಇಲ್ಲಿ ನೋಡಿ" ಅಂದಾಗ ತೋರಿಸಿದ್ದು ಯಾವ ಸಾಲು ಅನ್ನುವುದು ಅದರಲ್ಲಿ ಇರುವುದಿಲ್ಲ.

ನಮ್ಮ ಅಜೆಂಡಾದಲ್ಲಿ ಆರು ವಿಷಯ ಇದ್ದವು. ಹಿಂದಿನ ಮಿನಿಟ್ಸ್‌ಗೆ ಒಪ್ಪಿಗೆ, ಲೆಕ್ಕಪತ್ರ, ಟ್ಯಾಂಕರ್ ನೀರು, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ರಿಪೇರಿ, ಲಿಫ್ಟ್ ಗುತ್ತಿಗೆ, ಪೇಂಟಿಂಗ್. ಇವಕ್ಕೆ 1ರಿಂದ 6 ಅಂತ ನಂಬರ್. ಜೊತೆಗೆ ನಾನೇ ಎರಡು ನಂಬರ್ ಸೇರಿಸಿಕೊಂಡೆ. 0 ಅಂದರೆ ಸಭೆಯ ವ್ಯವಸ್ಥೆಯ ಮಾತು: ಸ್ವಾಗತ, ಕೋರಂ, ಮೈಕ್ ಸರಿ ಮಾಡುವುದು, ವಂದನೆ. 99 ಅಂದರೆ ಅಜೆಂಡಾದಲ್ಲಿ ಇಲ್ಲದೆ ನುಗ್ಗಿದ ವಿಷಯ. ಈ ಎರಡು ಡಬ್ಬ ಇಲ್ಲದಿದ್ದರೆ ಎಲ್ಲಿಗೂ ಸೇರದ ಮಾತನ್ನು ಕೈ ತಾನಾಗಿ ಪಕ್ಕದ ವಿಷಯಕ್ಕೆ ತುರುಕುತ್ತದೆ.

ಬರಹವನ್ನು ಹಾಳೆಗೆ ಹಾಕುವುದು

ಮೂಲ ಕಡತದ ಒಂದು ಪ್ರತಿ ಮುಟ್ಟದೆ ಬದಿಗಿಡಿ. ಇನ್ನೊಂದು ಪ್ರತಿಯನ್ನು ಎಕ್ಸೆಲ್ ತರಹದ ಹಾಳೆಗೆ ಹಾಕಿ, ಒಬ್ಬರ ಒಂದು ಮಾತಿಗೆ ಒಂದು ಸಾಲಿನಂತೆ. ಹಾಳೆಯ ಮೊದಲ ಸಾಲು ಕಾಲಂಗಳ ಹೆಸರಿಗೆ ಇರಲಿ, ಮಾತು ಎರಡನೇ ಸಾಲಿನಿಂದ ಶುರುವಾಗಲಿ. A ಕಾಲಂನಲ್ಲಿ ಸಾಲಿನ ಸಂಖ್ಯೆ, B ಸಮಯ, C ಯಾರು, D ಮಾತು. E, F, G ಸದ್ಯಕ್ಕೆ ಖಾಲಿ. ನಮ್ಮದು 1,412 ಸಾಲು ಬಂತು.

ಇಲ್ಲಿ ಒಂದು ಸಣ್ಣ ಗುಂಡಿ ಇದೆ. ಟೀ ಬಿಡುವಿನಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದ್ದರೆ ನಿಮ್ಮ ಹತ್ತಿರ ಎರಡು ಕಡತ ಇರುತ್ತವೆ, ಎರಡನೆಯದರ ಗಡಿಯಾರ ಮತ್ತೆ ಸೊನ್ನೆಯಿಂದ ಓಡುತ್ತದೆ. ನಮ್ಮ ಮೊದಲ ಕಡತ 98 ನಿಮಿಷ, ಎರಡನೆಯದು 86. ಎರಡನೆಯದರ ಪ್ರತಿ ಸಮಯಕ್ಕೂ 1 ಗಂಟೆ 38 ನಿಮಿಷ ಕೂಡಿಸಿದೆ. ಒಟ್ಟು 184 ನಿಮಿಷ. ಈ 184 ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಯಾರು ಮಾತಾಡಿದರು ಅನ್ನುವುದನ್ನು ಸಾಫ್ಟ್‌ವೇರ್ "ಸ್ಪೀಕರ್ 1, ಸ್ಪೀಕರ್ 2" ಅಂತ ಕೊಡುತ್ತದೆ. ಒಂದೇ ಫೋನ್ ಮೇಜಿನ ಮೇಲಿಟ್ಟು ಹಾಲ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಇದನ್ನು ನಂಬಬೇಡಿ. ದೂರ ಕೂತ ಇಬ್ಬರ ದನಿ ಒಬ್ಬರಾಗಿರುತ್ತದೆ. ಎದ್ದು ನಿಂತು ಜೋರಾಗಿ ಮಾತಾಡಿದ ಒಬ್ಬರು ಇಬ್ಬರಾಗಿರುತ್ತಾರೆ. ನಾನು ಎಲ್ಲ ಸಾಲಿಗೂ ಹೆಸರು ಹುಡುಕಲು ಹೋಗಲಿಲ್ಲ. ಯಾರು ಹೇಳಿದರು ಅನ್ನುವುದು ಬೇಕಾಗುವುದು ಸೂಚಿಸಿದವರು, ಅನುಮೋದಿಸಿದವರು, ಕೆಲಸ ಒಪ್ಪಿಕೊಂಡವರು, ವಿರೋಧ ಬರೆಸಿದವರು ಇಷ್ಟೇ ಜಾಗದಲ್ಲಿ. ಅಲ್ಲಿ ಮಾತ್ರ ಆಡಿಯೋ ಕೇಳಿ ಮನೆ ನಂಬರ್ ಹಾಕಿದೆ.

ಗಡಿ ಗುರುತಿಸುವುದು

ಇದೇ ಇಡೀ ಕೆಲಸದ ಹೊಟ್ಟೆ. ಸುಲಭದ ದಾರಿ ಏನು ಅಂದರೆ ಅಧ್ಯಕ್ಷರು "ಈಗ ಮುಂದಿನ ವಿಷಯ" ಅಂದ ಕಡೆಯೆಲ್ಲ ಗೆರೆ ಎಳೆಯುವುದು. ಹುಡುಕು ಅಂತ ಒತ್ತಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ನಾನೂ ಮೊದಲು ಹಾಗೇ ಮಾಡಿ ನೋಡಿದೆ. ನೀರಿನ ವಿಷಯಕ್ಕೆ 22 ನಿಮಿಷದ ಒಂದು ತುಂಡು ಸಿಕ್ಕಿತು, 1:05ರಿಂದ 1:27ರವರೆಗೆ.

ಆಮೇಲೆ ಸಾಲು ಸಾಲಾಗಿ ಓದಿದಾಗ ನಿಜ ಸಂಗತಿ ಗೊತ್ತಾಯಿತು. ನೀರಿನ ಮಾತು ಶುರುವಾಗಿದ್ದು ಲೆಕ್ಕಪತ್ರದ ನಡುವೆ, 0:27ಕ್ಕೆ. ಟ್ಯಾಂಕರ್ ಖರ್ಚಿನ ಸಾಲು ಬಂದ ಕೂಡಲೇ ಯಾರೋ ಎದ್ದರು, 12 ನಿಮಿಷ ಅದೇ ಆಯಿತು. ಪೇಂಟಿಂಗ್‌ಗೆ ದುಡ್ಡು ಎಲ್ಲಿಂದ ಅನ್ನುವಾಗ ಮತ್ತೆ ಟ್ಯಾಂಕರ್ ಬಂತು, 2:30ರಿಂದ 8 ನಿಮಿಷ. ಕೊನೆಗೆ ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ, 2:55ಕ್ಕೆ, ಇನ್ನೊಂದು 5 ನಿಮಿಷ. 12, 22, 8, 5. ಒಟ್ಟು 47 ನಿಮಿಷ. ಅಧ್ಯಕ್ಷರ ಘೋಷಣೆಯನ್ನೇ ನಂಬಿದ್ದರೆ ಅರ್ಧಕ್ಕಿಂತ ಜಾಸ್ತಿ ಹೊರಗೇ ಉಳಿಯುತ್ತಿತ್ತು. ಮತ ಹಾಕಿದ್ದು ಆ ಕೊನೆಯ 5 ನಿಮಿಷದಲ್ಲಿ.

ಹಾಗಾಗಿ ಒಮ್ಮೆ ಪೂರ್ತಿ ಓದಲೇಬೇಕು. ಆದರೆ ಈ ಓದಿನಲ್ಲಿ ಏನನ್ನೂ ಬರೆಯಬೇಡಿ, ಏನು ತೀರ್ಮಾನ ಆಯಿತು ಅಂತಲೂ ಯೋಚಿಸಬೇಡಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದು ಯಾವ ನಂಬರಿನ ಮಾತು? ನಂಬರ್ ಬದಲಾದ ಸಾಲಿನಲ್ಲಿ ಮಾತ್ರ F ಕಾಲಂನಲ್ಲಿ ಹೊಸ ನಂಬರ್ ಟೈಪ್ ಮಾಡಿ. ಮೊದಲ ಮಾತಿನ ಸಾಲಿಗೆ 0 ಹಾಕುವುದನ್ನು ಮರೆಯಬೇಡಿ. E ಕಾಲಂನ ಎರಡನೇ ಸಾಲಿನಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆದರೆ ಉಳಿದ ಸಾಲುಗಳು ತಾವೇ ತುಂಬಿಕೊಳ್ಳುತ್ತವೆ:

```
=IF(F2<>"",F2,E1)
```

F ಖಾಲಿ ಇದ್ದರೆ ಮೇಲಿನ ಸಾಲಿನ ನಂಬರೇ ಕೆಳಗೂ ಇಳಿಯುತ್ತದೆ. ಗಡಿ ಎಲ್ಲೋ ತಪ್ಪಿತು ಅನಿಸಿದರೆ F ನಲ್ಲಿ ಆ ಒಂದು ನಂಬರನ್ನು ಮೇಲೆ ಕೆಳಗೆ ಸರಿಸಿದರೆ ಸಾಕು. ಒಂದು ಎಚ್ಚರಿಕೆ. ಈ ಹಾಳೆಯನ್ನು ಸಾರ್ಟ್ ಮಾಡಬೇಡಿ, ಫಿಲ್ಟರ್ ಮಾತ್ರ ಮಾಡಿ. ಸೂತ್ರ ಮೇಲಿನ ಸಾಲನ್ನು ನೋಡಿ ಕೆಲಸ ಮಾಡುತ್ತದೆ. ಸಾಲುಗಳ ಜಾಗ ಬದಲಾದರೆ ನಂಬರ್ ಎಲ್ಲ ಕಲಸಿಹೋಗುತ್ತದೆ.

ಗಡಿ ಸಿಗುವುದು ಸಾಮಾನ್ಯವಾಗಿ ಅಧ್ಯಕ್ಷರ ಬಾಯಲ್ಲಿ ಅಲ್ಲ. "ಅದಿರ್ಲಿ, ಈಗ...", "ಆ ಮಾತಿಗೆ ಬಂದ್ರೆ...", "ಒಂದ್ನಿಮಿಷ, ನಾನು ಆಗ್ಲೇ ಕೇಳ್ಬೇಕಿತ್ತು..." ಇಂಥ ಮಾತಿನ ಹಿಂದೆ ವಿಷಯ ಜಾರುತ್ತದೆ. ವಾಪಸ್ ಬರುವಾಗ ಯಾವ ಸುಳಿವೂ ಇರುವುದಿಲ್ಲ. ಖಜಾಂಚಿ ಸುಮ್ನೆ ಕೆಮ್ಮಿ ಮುಂದಿನ ಅಂಕಿ ಓದುತ್ತಾರೆ, ಅಷ್ಟೇ. ಅನುಮಾನ ಇದ್ದರೆ ಗಡಿಯನ್ನು ಎರಡು ಸಾಲು ಮೇಲಕ್ಕೇ ಇಡಿ. ತುಂಡಿನ ತಲೆಯಲ್ಲಿ ಎರಡು ಬೇಡದ ಸಾಲು ಇದ್ದರೆ ತೊಂದರೆಯಿಲ್ಲ. ವಿಷಯ ಎತ್ತಿದವರ ಮೊದಲ ಮಾತೇ ಹೋದರೆ ಕಷ್ಟ.

ಒಂದೇ ಸಾಲು ಎರಡು ವಿಷಯಕ್ಕೆ ಸೇರುವುದೂ ಇದೆ. "ಟ್ಯಾಂಕರ್‌ನಲ್ಲಿ ಉಳಿಸಿದ್ರೆ ಪೇಂಟಿಂಗ್‌ಗೆ ಸಾಲ ಬೇಕಾಗಲ್ಲ" ಅನ್ನುವುದು 3ಕ್ಕೂ ಬೇಕು, 6ಕ್ಕೂ ಬೇಕು. ಅಂಥದ್ದಕ್ಕೆ G ಕಾಲಂ. E ನಲ್ಲಿ ಒಂದು ನಂಬರ್, G ನಲ್ಲಿ ಇನ್ನೊಂದು. ನಮಗೆ ಇಂಥ ಸಾಲು ಏಳು ಸಿಕ್ಕವು. ನಿಮಗೆ ನೂರು ಸಿಕ್ಕರೆ ನೀವು ಗಡಿಯನ್ನು ಸರಿಯಾಗಿ ಹಾಕುತ್ತಿಲ್ಲ ಅಂತ ಅರ್ಥ.

ಕತ್ತರಿಸುವ ಮೊದಲು "ಅದು" ಯಾವುದು ಅಂತ ಬರೆದಿಡಿ

ಈ ಹೆಜ್ಜೆಯನ್ನು ಯಾರೂ ಹೇಳಿಕೊಡುವುದಿಲ್ಲ, ತಪ್ಪು ಹುಟ್ಟುವುದು ಇಲ್ಲೇ. ನಾವು ಮಾತಾಡುವಾಗ ಕರ್ತೃವನ್ನೂ ಹೇಳುವುದಿಲ್ಲ, ಕರ್ಮವನ್ನೂ ಹೇಳುವುದಿಲ್ಲ. "ಅದನ್ನ ಆರು ತಿಂಗಳಿಗೆ ಇಳಿಸಿ" ಅಂತಾರೆ. 2:34ಕ್ಕೆ ಬಿ ಬ್ಲಾಕ್‌ನ ಒಬ್ಬ ಆಂಟಿ ಹೇಳಿದ ಮಾತು ಅದು. ಏನನ್ನ? ಸ್ವಲ್ಪ ಹಿಂದೆ ಲಿಫ್ಟ್ ಗುತ್ತಿಗೆಯ ಅವಧಿ ಚರ್ಚೆ ಆಗಿತ್ತು. ನಡೆಯುತ್ತಿದ್ದದ್ದು ಪೇಂಟಿಂಗ್. ಅವರು ಹೇಳಿದ್ದು ಟ್ಯಾಂಕರ್ ಗುತ್ತಿಗೆ. ಮೇಲಿನ ಹತ್ತು ಸಾಲು ಓದಿದರೆ ಸ್ಪಷ್ಟ ಆಗುತ್ತದೆ, ಏಕೆಂದರೆ ಅವರದೇ ಹಿಂದಿನ ಮಾತು "ಕಾವೇರಿ ಕನೆಕ್ಷನ್ ಬಂದ್ಮೇಲೆ ಇಷ್ಟು ಲೋಡ್ ಯಾಕೆ?"

ತುಂಡು ಮಾಡಿದ ಮೇಲೆ ಆ ಹತ್ತು ಸಾಲು ನಿಮ್ಮ ಕಣ್ಣೆದುರು ಇಲ್ಲದೆಯೂ ಹೋಗಬಹುದು. ಆದ್ದರಿಂದ ಓದುವಾಗಲೇ, ಸಂದರ್ಭ ತಲೆಯಲ್ಲಿ ಬಿಸಿಯಾಗಿ ಇರುವಾಗಲೇ, D ಕಾಲಂನಲ್ಲಿ ಚೌಕ ಕಂಸ ಹಾಕಿ ತುಂಬಿ: "ಅದನ್ನ [ಟ್ಯಾಂಕರ್ ಗುತ್ತಿಗೆ] ಆರು ತಿಂಗಳಿಗೆ ಇಳಿಸಿ." ಕಂಸದಲ್ಲಿ ಇರುವುದು ನಿಮ್ಮ ಮಾತು, ಹೊರಗಿರುವುದು ಅವರ ಮಾತು. ಈ ವ್ಯತ್ಯಾಸ ಕೊನೆಯವರೆಗೂ ಉಳಿಯಲಿ. ಎಲ್ಲ "ಅದು", "ಅವರು", "ಅಲ್ಲಿ"ಗಳಿಗೂ ಬೇಡ. ದುಡ್ಡು, ಅವಧಿ, ಹೊಣೆ ಇರುವ ಸಾಲಿಗೆ ಮಾತ್ರ. "ಅದೇ ರೇಟು", "ಹೋದ್ಸಲದ ಹಾಗೆ", "ಅವರೇ ನೋಡ್ಕೊಳ್ಲಿ" ಇವು ಮೂರು ಬಂದರೆ ನಿಂತು ತುಂಬಿಯೇ ಮುಂದೆ ಹೋಗಿ.

ಲೆಕ್ಕ ಕೂಡಿಸಿ ನೋಡುವುದು

ಇದು ಚಿಕ್ಕ ಕೆಲಸ. ಇನ್ನೊಂದು ಹಾಳೆಯಲ್ಲಿ ಒಂದೊಂದು ತುಂಡಿಗೆ ಒಂದು ಸಾಲು ಹಾಕಿ: ಶುರು, ಕೊನೆ, ವಿಷಯದ ನಂಬರ್, ಎಷ್ಟು ನಿಮಿಷ. ನಮಗೆ 16 ತುಂಡು ಬಂದವು. ಪ್ರತಿ ವಿಷಯದ ಒಟ್ಟು ನಿಮಿಷ ಹೀಗೆ ಸಿಗುತ್ತದೆ:

```
=SUMIF(C2:C17,3,D2:D17)
```

ನಮ್ಮ ಲೆಕ್ಕ: 0ಕ್ಕೆ 21 ನಿಮಿಷ, ಮೊದಲ ವಿಷಯಕ್ಕೆ 4, ಲೆಕ್ಕಪತ್ರಕ್ಕೆ 38, ನೀರಿಗೆ 47, ಎಸ್‌ಟಿಪಿಗೆ 22, ಲಿಫ್ಟ್‌ಗೆ 19, ಪೇಂಟಿಂಗ್‌ಗೆ 24, 99ಕ್ಕೆ 9. ಕೂಡಿಸಿದರೆ 184. ಗೋಡೆಯ ಚೀಟಿಯಲ್ಲೂ 184. ಮೊದಲ ಸಲ ಕೂಡಿಸಿದಾಗ ನನಗೆ 176 ಬಂತು. ಪೇಂಟಿಂಗ್ ನಡುವಿನ ಆ 8 ನಿಮಿಷದ ನೀರಿನ ತುಂಡನ್ನೇ ಪಟ್ಟಿಗೆ ಹಾಕಿರಲಿಲ್ಲ. ಲೆಕ್ಕ ಕೂಡಿತು ಅಂದ ಮಾತ್ರಕ್ಕೆ ನಂಬರ್ ಎಲ್ಲ ಸರಿ ಇದೆ ಅಂತ ಅಲ್ಲ. 3 ಹಾಕುವ ಕಡೆ 6 ಹಾಕಿದ್ದರೂ 184 ಬರುತ್ತದೆ. ಏನೂ ಕಳೆದುಹೋಗಿಲ್ಲ ಅನ್ನುವುದಷ್ಟೇ ಇದರಿಂದ ಗೊತ್ತಾಗುವುದು.

ಒಂದು ಕಟ್ಟು ತೆಗೆದುಕೊಂಡು ಹಿಂದಿನಿಂದ ಓದುವುದು

ಈಗ E ಕಾಲಂನಲ್ಲಿ 3 ಅಂತ ಫಿಲ್ಟರ್ ಮಾಡಿ. ಬಂದ ಸಾಲುಗಳನ್ನು ಬೇರೆ ಹಾಳೆಗೆ ನಕಲು ಮಾಡಿ. G ನಲ್ಲಿ 3 ಇರುವ ಸಾಲುಗಳನ್ನೂ ತಂದು ಸಾಲು ಸಂಖ್ಯೆಯ ಪ್ರಕಾರ ಅವುಗಳ ಜಾಗದಲ್ಲಿ ಸೇರಿಸಿ. ನೀರಿನ ಬಗ್ಗೆ ಆ ದಿನ ಯಾರು ಏನು ಹೇಳಿದ್ದರೂ ಈಗ ಒಂದೇ ಕಡೆ ಇದೆ. ಕಟ್ಟು ಅಂದರೆ ಇದೇ.

ಓದುವುದು ಕೊನೆಯಿಂದ. ಸಭೆಯಲ್ಲಿ ಕೊನೆಯದಾಗಿ ಒಪ್ಪಿದ ಮಾತೇ ನಿಲ್ಲುವುದು. ಮೇಲಿನಿಂದ ಓದಿದರೆ ಮೊದಲು ಕಂಡ ತೀರ್ಮಾನವೇ ತಲೆಯಲ್ಲಿ ಕೂರುತ್ತದೆ. ಕೊನೆಯ ತುಂಡಿನಲ್ಲಿ, 2:57ಕ್ಕೆ ಅಧ್ಯಕ್ಷರು: "ಟ್ಯಾಂಕರ್ ಆರು ತಿಂಗಳು. ಒಪ್ಪೋರು ಕೈ ಎತ್ತಿ." ಇದು ತೀರ್ಮಾನ. ಏನನ್ನು ಒಪ್ಪಬೇಕು ಅಂತ ಹೇಳಿ, ಕೇಳಿ, ಎಣಿಸಿದ್ದಾರೆ. ಬರಹದಲ್ಲಿ "ಮೂವತ್ತೊಂದು" ಅನ್ನುವುದಷ್ಟೇ ಇದೆ. ವಿರೋಧ 9, ತಟಸ್ಥ 4 ಅನ್ನುವುದು ಎಣಿಸಿದವರ ಚೀಟಿಯಿಂದ ಬಂತು.

ಅಲ್ಲಿಂದ ಮೇಲಕ್ಕೆ ಹೋದರೆ 1:26ಕ್ಕೆ ಇನ್ನೊಂದು ಕಾಣುತ್ತದೆ. ಒಬ್ಬರು "ಹಾಗಾದ್ರೆ ಒಂದ್ ವರ್ಷಕ್ಕೆ ಕೊಟ್ಬಿಡೋಣ" ಅಂತಾರೆ. ಅಧ್ಯಕ್ಷರು "ಆಯ್ತು, ಮುಂದೆ ಹೋಗೋಣ" ಅಂತಾರೆ. ಈ "ಆಯ್ತು" ಇದೆಯಲ್ಲ, ಇದು ಮಿನಿಟ್ಸ್ ಬರೆಯುವವರ ಶತ್ರು. ಒಪ್ಪಿದೆ ಅಂತಲೂ ಆಗುತ್ತದೆ, ಕೇಳಿಸಿಕೊಂಡೆ ಅಂತಲೂ ಆಗುತ್ತದೆ, ಸಾಕು ಮಾಡಿ ಅಂತಲೂ ಆಗುತ್ತದೆ. ಅದರ ಅಣ್ಣತಮ್ಮಂದಿರೂ ಇದ್ದಾರೆ. "ನೋಡೋಣ" ಅನ್ನುವುದು ಬಹಳ ಸಲ ಮರ್ಯಾದೆಯ ಬೇಡ. "ಆಗ್ಲಿ ಬಿಡಿ" ಒಪ್ಪಿಗೆಯೂ ಇರಬಹುದು, ಬೇಸರವೂ ಇರಬಹುದು. "ಹೂಂ" ಅಂತೂ ಎದುರಿನವರ ಮಾತು ಕಿವಿಗೆ ಬಿತ್ತು ಅನ್ನುವುದಕ್ಕಿಂತ ಜಾಸ್ತಿ ಏನೂ ಅಲ್ಲ.

ನಾನು ಇಟ್ಟುಕೊಂಡ ಅಳತೆ ಇದು. ಏನು ಮಾಡುವುದು ಅಂತ ಒಂದು ವಾಕ್ಯದಲ್ಲಿ ಹೇಳಿರಬೇಕು. ಸಭೆಯ ಒಪ್ಪಿಗೆ ಕೇಳಿರಬೇಕು. ಕೈ ಎತ್ತಿಯೋ, "ಎಲ್ಲರೂ ಒಪ್ಪಿದ್ದೀರಾ" ಅಂತ ಕೇಳಿ ಉತ್ತರ ಬಂದೋ ಅದು ಇತ್ಯರ್ಥ ಆಗಿರಬೇಕು. 1:26ರ ಮಾತಿಗೆ ಮೊದಲನೆಯದು ಮಾತ್ರ ಇದೆ. ಹಾಗಾಗಿ ಅದು ಸಲಹೆ, ತೀರ್ಮಾನ ಅಲ್ಲ. ಕೊನೆಯ 5 ನಿಮಿಷ ನನ್ನ ಕಟ್ಟಿನಲ್ಲಿ ಇಲ್ಲದಿದ್ದರೆ ಆ "ಆಯ್ತು"ವನ್ನೇ ತೀರ್ಮಾನ ಅಂತ ಬರೆದು, ಸಂಘವನ್ನು ಒಂದು ವರ್ಷಕ್ಕೆ ಸಿಕ್ಕಿಸಿರುತ್ತಿದ್ದೆ.

ಅಂಕಿ ಮತ್ತು "ಬೇಡ" ಇದ್ದಲ್ಲಿ ಆಡಿಯೋ

ಮೂರು ಗಂಟೆಯನ್ನು ಮತ್ತೆ ಕೇಳುವ ತಾಳ್ಮೆ ನನಗಿಲ್ಲ. ಕೇಳಬೇಕಾಗಿಯೂ ಇಲ್ಲ. ಕಟ್ಟಿನಲ್ಲಿ ದುಡ್ಡು, ದಿನಾಂಕ, ಅವಧಿ, ಮತ್ತೆ ಬೇಕು-ಬೇಡ ಇರುವ ಸಾಲುಗಳಿಗೆ ಬಣ್ಣ ಹಾಕಿ, ಆ ಸಮಯಕ್ಕೆ ಹೋಗಿ ಕಾಲು ನಿಮಿಷ ಕೇಳಿದರೆ ಸಾಕು.

ಟ್ಯಾಂಕರ್ ರೇಟು ಬರಹದಲ್ಲಿ "ಸಾವಿರದ ನೂರೆಪ್ಪತ್ತು" ಅಂತ ಇತ್ತು, 12,000 ಲೀಟರ್ ಲೋಡ್‌ಗೆ. ನೋಡಿದರೆ ಏನೂ ತಪ್ಪು ಕಾಣುವುದಿಲ್ಲ. ಆದರೆ ಪೇಂಟಿಂಗ್ ಚರ್ಚೆಯ ನಡುವೆ ಖಜಾಂಚಿ ಹೇಳಿದ್ದು ಹೀಗೆ: "ತಿಂಗಳಿಗೆ ನಲವತ್ತು ಲೋಡ್, ನಲವತ್ನಾಲ್ಕು ಸಾವಿರದ ಎಂಟ್ನೂರು ಅಲ್ಲೇ ಹೋಗುತ್ತೆ." 40 ಲೋಡ್‌ಗೆ 1,170ರಂತೆ ಹಾಕಿದರೆ 46,800 ಆಗಬೇಕು. 44,800 ಬರುವುದು 1,120 ಆದರೆ. ಆಡಿಯೋ ಕೇಳಿದೆ. "ನೂರಿಪ್ಪತ್ತು" ಅಂದಿದ್ದಾರೆ. ಬರಹದಲ್ಲಿ "ನೂರೆಪ್ಪತ್ತು" ಆಗಿದೆ. ಕೊಟೇಶನ್ ಕಾಗದ ತೆಗೆದು ನೋಡಿದೆ, 1,120.

ಈ ಎರಡು ಮಾತಿನ ನಡುವೆ ಒಂದು ಗಂಟೆಗೂ ಜಾಸ್ತಿ ಅಂತರ ಇತ್ತು. ಉದ್ದ ಬರಹದಲ್ಲಿ ಅವು ಒಂದನ್ನೊಂದು ನೋಡುತ್ತಲೇ ಇರಲಿಲ್ಲ. ಒಂದೇ ಕಟ್ಟಿಗೆ ಬಂದಾಗ ಹತ್ತಿರ ಹತ್ತಿರ ಕೂತವು, ಲೆಕ್ಕ ಹೊಂದಲಿಲ್ಲ ಅಂತ ಕಣ್ಣಿಗೆ ಬಿತ್ತು.

ಇಪ್ಪತ್ತು-ಎಪ್ಪತ್ತು ಒಂದೇ ಅಲ್ಲ. ಐವತ್ತು-ಅರವತ್ತು ಕೂಡ ಗದ್ದಲದಲ್ಲಿ ಜಾರುತ್ತದೆ. "ಮಾಡ್ಬೇಕು" ಮತ್ತು "ಮಾಡ್ಬಾರ್ದು" ನಡುವೆ ಒಂದು ಕೆಮ್ಮು ಬಂದರೆ ಅರ್ಥ ತಲೆಕೆಳಗು. ಬೆಂಗಳೂರಿನ ಸಭೆಯಲ್ಲಿ ಇನ್ನೊಂದು ಕಷ್ಟ ಇದೆ. ಕನ್ನಡದಲ್ಲಿ ಶುರುವಾದ ವಾಕ್ಯ ಇಂಗ್ಲಿಷ್‌ನಲ್ಲಿ ತಿರುಗಿ ಹಿಂದಿಯಲ್ಲಿ ಮುಗಿಯುತ್ತದೆ. ಸಾಫ್ಟ್‌ವೇರ್‌ಗೆ ಒಂದೇ ಭಾಷೆ ಆಯ್ಕೆ ಮಾಡಿಟ್ಟಿದ್ದರೆ ಉಳಿದ ಎರಡನ್ನು ಅದು ಸುಮ್ಮನೆ ಬಿಡುವುದಿಲ್ಲ, ಹತ್ತಿರದ ಕನ್ನಡ ಪದ ಏನಾದರೂ ಹಾಕಿ ತುಂಬಿಸುತ್ತದೆ. ನಮ್ಮಲ್ಲಿ ಹಿಂದಿಯ ಒಂದು ಇಡೀ ಆಕ್ಷೇಪಣೆ ಅಡುಗೆಯ ಪಟ್ಟಿಯ ಹಾಗೆ ಓದಿಸಿಕೊಳ್ಳುತ್ತಿತ್ತು. ಅರ್ಥವಾಗದ ಸಾಲು ಸಿಕ್ಕರೆ ಅಳಿಸಬೇಡಿ, ಅದೇ ಜಾಗದ ಆಡಿಯೋ ಕೇಳಿ.

ಈಗ ಕುಗ್ಗಿಸುವುದು

ಇಷ್ಟಾದ ಮೇಲೆ ಬರೆಯುವುದು ಬೇಗ ಆಗುತ್ತದೆ. ನನಗೆ ಬಿಡಿಸುವುದಕ್ಕೆ ಒಂದು ಭಾನುವಾರ ಮಧ್ಯಾಹ್ನ ಪೂರ್ತಿ ಹೋಯಿತು. ಬರೆಯುವುದಕ್ಕೆ ಒಂದು ಗಂಟೆ ಸಾಕಾಯಿತು. ಒಂದು ಕಟ್ಟು ಮುಗಿಸಿ, ಮುಚ್ಚಿಟ್ಟು, ಇನ್ನೊಂದು ತೆಗೆಯಿರಿ. ಎರಡು ಕಟ್ಟು ಒಟ್ಟಿಗೆ ತೆರೆದಿಟ್ಟುಕೊಂಡರೆ ಮತ್ತೆ ಕಲಸುತ್ತದೆ.

ಪ್ರತಿ ವಿಷಯದಲ್ಲಿ ನಾನು ಇಟ್ಟುಕೊಂಡಿದ್ದು ಇಷ್ಟು: ಸಭೆಯ ಮುಂದೆ ಬಂದದ್ದೇನು, ತೀರ್ಮಾನಕ್ಕೆ ಕಾರಣವಾದ ಒಂದೆರಡು ಅಂಶ, ತೀರ್ಮಾನದ ಮಾತು, ಮತದ ಲೆಕ್ಕ, ಯಾರು ಯಾವಾಗಿನೊಳಗೆ ಏನು ಮಾಡಬೇಕು. ಅವರು ಹೀಗಂದರು, ಇವರು ಹಾಗಂದರು ಅನ್ನುವುದು ಬೇಡ. ಕರಡಿನಲ್ಲಿ ಪ್ರತಿ ವಾಕ್ಯದ ಕೊನೆಗೂ ಅದು ಬಂದ ಸಾಲು ಅಥವಾ ಸಮಯ ಹಾಕಿ. ಹಾಕಲು ಆಗುತ್ತಿಲ್ಲ ಅಂದರೆ ಆ ವಾಕ್ಯ ಸಭೆಯಲ್ಲಿ ಹುಟ್ಟಿದ್ದಲ್ಲ, ನಿಮ್ಮ ತಲೆಯಲ್ಲಿ ಹುಟ್ಟಿದ್ದು. ನನ್ನ ಮೊದಲ ಕರಡಿನಲ್ಲಿ "ಕಾವೇರಿ ನೀರು ಶೀಘ್ರದಲ್ಲೇ ಬರಲಿರುವುದರಿಂದ" ಅಂತ ಬರೆದಿದ್ದೆ. ಸಮಯ ಹುಡುಕಿದರೆ ಯಾರೂ ಶೀಘ್ರದಲ್ಲಿ ಅಂದಿರಲಿಲ್ಲ. ಜಲಮಂಡಳಿಗೆ ಅರ್ಜಿ ಹಾಕಿದ್ದೇವೆ ಅಂತ ಮಾತ್ರ ಹೇಳಿದ್ದರು. ಆಸೆ ನನ್ನದು.

47 ನಿಮಿಷ ಕೊನೆಗೆ ಹೀಗಾಯಿತು:

> ವಿಷಯ 3: ಟ್ಯಾಂಕರ್ ನೀರು ಪೂರೈಕೆ. 12,000 ಲೀಟರ್ ಲೋಡ್‌ಗೆ ರೂ. 1,120ರಂತೆ, ತಿಂಗಳಿಗೆ ಅಂದಾಜು 40 ಲೋಡ್ ಪೂರೈಸುವ ಕೊಟೇಶನ್ ಸಭೆಯ ಮುಂದೆ ಬಂತು (1:08, 2:33). ಗುತ್ತಿಗೆಯ ಅವಧಿ ಒಂದು ವರ್ಷ ಇರಬೇಕೇ, ಆರು ತಿಂಗಳೇ ಎಂದು ಚರ್ಚೆಯಾಯಿತು (1:26, 2:34). ಕಾವೇರಿ ಸಂಪರ್ಕಕ್ಕೆ ಜಲಮಂಡಳಿಗೆ ಅರ್ಜಿ ಸಲ್ಲಿಸಲಾಗಿದೆ ಎಂದು ಅಧ್ಯಕ್ಷರು ತಿಳಿಸಿದರು (1:15). ತೀರ್ಮಾನ: ಆರು ತಿಂಗಳ ಅವಧಿಗೆ ಗುತ್ತಿಗೆ ನೀಡುವುದು. ಪರ 31, ವಿರೋಧ 9, ತಟಸ್ಥ 4 (2:57, ಎಣಿಕೆ ಚೀಟಿ). ಅರ್ಜಿಯ ಸ್ಥಿತಿ ವಿಚಾರಿಸಿ 15 ದಿನದೊಳಗೆ ಸದಸ್ಯರಿಗೆ ತಿಳಿಸುವುದು ಕಾರ್ಯದರ್ಶಿಯ ಹೊಣೆ (2:59).

ಕಳಿಸುವ ಪ್ರತಿಯಲ್ಲಿ ಕಂಸದ ಸಮಯಗಳನ್ನು ತೆಗೆದೆ. ನನ್ನ ಪ್ರತಿಯಲ್ಲಿ ಹಾಗೇ ಉಳಿಸಿಕೊಂಡೆ.

ಒಂದು ಸಂಕಟ ಬಂತು. 1:22ಕ್ಕೆ ಒಬ್ಬರು "ನನ್ನ ವಿರೋಧ ಬರ್ಕೊಳ್ಳಿ" ಅಂದಿದ್ದರು. ಹೀಗೆ ಹೇಳಿದರೆ ಬರೆಯಲೇಬೇಕು. ಆದರೆ ಅವರು ವಿರೋಧಿಸಿದ್ದು ಆಗ ಚರ್ಚೆಯಲ್ಲಿದ್ದ ಒಂದು ವರ್ಷದ ಅವಧಿಯನ್ನು. ಅದು ತೀರ್ಮಾನವೇ ಆಗಲಿಲ್ಲ. ಆರು ತಿಂಗಳ ತೀರ್ಮಾನದ ಕೆಳಗೆ ಅವರ ವಿರೋಧ ಹಾಕಿದರೆ ಸುಳ್ಳಾಗುತ್ತದೆ, ಬಿಟ್ಟರೆ ಅವರ ಮಾತು ನುಂಗಿದ ಹಾಗೆ. ಕರಡು ಕಳಿಸುವ ಮೊದಲು ಫೋನ್ ಮಾಡಿ ಕೇಳಿದೆ. "ಅಯ್ಯೋ, ಆರು ತಿಂಗಳಿಗೆ ನಾನೇ ಕೈ ಎತ್ತಿದ್ದೀನಿ ಸರ್, ಬೇಡ ಬಿಡಿ" ಅಂದರು. ಬೇಕು ಅಂದಿದ್ದರೆ "ಒಂದು ವರ್ಷದ ಅವಧಿಗೆ ವಿರೋಧ ವ್ಯಕ್ತಪಡಿಸಿದರು" ಅಂತ ಚರ್ಚೆಯ ಭಾಗದಲ್ಲಿ ಹಾಕುತ್ತಿದ್ದೆ, ತೀರ್ಮಾನದ ಕೆಳಗಲ್ಲ.

99ರ ಡಬ್ಬ

9 ನಿಮಿಷ ಬೀದಿನಾಯಿಗಳಿಗೆ ಎಲ್ಲಿ ಊಟ ಹಾಕಬೇಕು ಅನ್ನುವ ಜಗಳ. ಆ ದಿನದ ಅತಿ ಬಿಸಿ ಮಾತೆಲ್ಲ ಅಲ್ಲೇ ಇದೆ. ಇಬ್ಬರು "ಇದನ್ನ ಮಿನಿಟ್ಸ್‌ನಲ್ಲಿ ಹಾಕಿ, ಗೇಟ್ ಹತ್ರ ಹಾಕ್ಬಾರ್ದು ಅಂತ ಡಿಸೈಡ್ ಆಗಿದೆ" ಅಂತ ಹೇಳಿದ್ದೂ ಇದೆ. ನಮ್ಮ ಬೈಲಾ ಪ್ರಕಾರ ನೋಟಿಸ್‌ನಲ್ಲಿ ಇಲ್ಲದ ವಿಷಯಕ್ಕೆ ವಾರ್ಷಿಕ ಸಭೆಯಲ್ಲಿ ತೀರ್ಮಾನ ಮಾಡುವಂತಿಲ್ಲ. ನಿಮ್ಮ ಬೈಲಾದಲ್ಲಿ "ಅಧ್ಯಕ್ಷರ ಅನುಮತಿಯಿಂದ ಇತರ ವಿಷಯ" ಅನ್ನುವ ಸಾಲು ಇದ್ದರೆ ಬೇರೆ ಮಾತು, ಅದನ್ನು ಮೊದಲು ನೋಡಿಕೊಳ್ಳಿ. ನಾನು ಬರೆದದ್ದು ಒಂದೇ ವಾಕ್ಯ: "ಬೀದಿನಾಯಿಗಳಿಗೆ ಆಹಾರ ಹಾಕುವ ಜಾಗದ ಬಗ್ಗೆ ಸದಸ್ಯರು ಪ್ರಸ್ತಾಪಿಸಿದರು, ಮುಂದಿನ ಸಮಿತಿ ಸಭೆಯ ಅಜೆಂಡಾದಲ್ಲಿ ಸೇರಿಸುವುದಾಗಿ ಅಧ್ಯಕ್ಷರು ತಿಳಿಸಿದರು (2:54)." ಬೇರೆ ಡಬ್ಬ ಇರದಿದ್ದರೆ ಈ 9 ನಿಮಿಷ ಪೇಂಟಿಂಗ್ ಬಾಲಕ್ಕೆ ಅಂಟಿಕೊಂಡು, ಪೇಂಟಿಂಗ್‌ನ ತೀರ್ಮಾನಗಳಲ್ಲಿ ಒಂದಾಗಿ ಹೊರಗೆ ಬರುತ್ತಿತ್ತು.

ಕರಡು ಕಳಿಸಿದ ಮೂರನೇ ದಿನ ನಿರೀಕ್ಷೆಯಂತೆ ಫೋನ್ ಬಂತು. "ಒಂದು ವರ್ಷ ಅಂತ ಆಗಿತ್ತಲ್ಲ ಟ್ಯಾಂಕರು, ನಾನೇ ಕೇಳಿಸ್ಕೊಂಡಿದ್ದೀನಿ." ನನ್ನ ಪ್ರತಿ ತೆಗೆದೆ. 1:26 ಓದಿ ಹೇಳಿದೆ, ಆಮೇಲೆ 2:57 ಓದಿ ಹೇಳಿದೆ. ಆ ಹೊತ್ತಿಗೆ ಅವರು ಊಟಕ್ಕೆ ಅಂತ ಎದ್ದು ಹೋಗಿದ್ದರಂತೆ. ಹಾಜರಿ ಪುಸ್ತಕದಲ್ಲಿ 52 ಸಹಿ ಇದ್ದು, ಮತ ಮಾತ್ರ 44 ಯಾಕೆ ಅನ್ನುವುದೂ ಆಗಲೇ ಗೊತ್ತಾಯಿತು. ಆಡಿಯೋ ಮತ್ತು ಆ ಹಾಳೆ ಎರಡನ್ನೂ ಮುಂದಿನ ವಾರ್ಷಿಕ ಸಭೆಯಲ್ಲಿ ಈ ಮಿನಿಟ್ಸ್‌ಗೆ ಒಪ್ಪಿಗೆ ಸಿಗುವವರೆಗೂ ಇಟ್ಟುಕೊಳ್ಳುತ್ತೇನೆ.